ಅಲೆ ಎಣಿಸುವವರನ್ನು ಮೊದಲು ಕೇಳಬೇಕಾದ ಪ್ರಶ್ನೆ

ಪಿರಿಯಾಪಟ್ಟಣದ ಕಡೆ ತಂಬಾಕಿನ ದುಡ್ಡು ಕೈಗೆ ಬರುವುದು ವರ್ಷಕ್ಕೊಂದೇ ಸಲ, ಹರಾಜಿನಲ್ಲಿ. 2020ರಲ್ಲಿ ಬ್ಯಾರನ್ ರಿಪೇರಿಗೆಂದು ತೆಗೆದಿಟ್ಟಿದ್ದ ಹಣವನ್ನು ನಮ್ಮ ಭಾವ ನಿಫ್ಟಿಗೆ ಹಾಕಿಸಿದರು. ಅವರಿಗೆ ಹೇಳಿಕೊಟ್ಟವರು ಮೈಸೂರಿನಲ್ಲಿ ಎಲಿಯಟ್ ವೇವ್ ಪಾಠ ಮಾಡುತ್ತಿದ್ದ ಒಬ್ಬ ಮೇಷ್ಟ್ರು.

ಅವರ ಲೆಕ್ಕ ಕೇಳಲು ಚೆನ್ನಾಗಿತ್ತು. ಜನವರಿಯಲ್ಲಿ 12,430 ಮುಟ್ಟಿದ್ದ ನಿಫ್ಟಿ ಮಾರ್ಚ್‌ನಲ್ಲಿ 7,511ಕ್ಕೆ ಕುಸಿದದ್ದು 'ಎ' ಅಲೆ. ಆಮೇಲಿನ ಏರಿಕೆ 'ಬಿ'. ಇನ್ನು ಬರುವ 'ಸಿ' ಅಲೆ ಮಾರ್ಚ್‌ನ ತಳವನ್ನೂ ಒಡೆಯುತ್ತದೆ. ಬಿದ್ದದ್ದರಲ್ಲಿ ಶೇ. 61.8ರಷ್ಟು ಮೇಲೆ ಬಂದರೆ 10,551. ಜೂನ್ ಕೊನೆಯ ವಾರ ನಿಫ್ಟಿ 10,550ರ ಆಸುಪಾಸಿಗೆ ಬಂದು ಹಿಂದೆ ಸರಿದಾಗ ಭಾವನ ಫೋನು: "ನೋಡ್ದಾ, ಹೇಳಿದ ಜಾಗದಲ್ಲೇ ನಿಂತಿತು." ಜುಲೈ ಕೊನೆಗೆ ಮುಗಿಯುವ 9,800ರ ಪುಟ್‌ಗಳನ್ನು ಕೊಂಡೆವು.

ಜುಲೈ ಮೊದಲ ವಾರದಲ್ಲೇ ನಿಫ್ಟಿ ಆ 10,551ನ್ನು ದಾಟಿತು. ಸೊಪ್ಪಿನ ಸಾಲಿನ ನಡುವೆ ನಿಂತು ಮೊಬೈಲ್ ತೆರೆದರೆ ಪುಟ್‌ನ ಬೆಲೆ ದಿನದಿನಕ್ಕೂ ಕರಗುತ್ತಿತ್ತು. ಮಾರಿಬಿಡೋಣವೆಂದರೆ ಭಾವ ಮೇಷ್ಟ್ರನ್ನು ಕೇಳುತ್ತಿದ್ದರು, ಮೇಷ್ಟ್ರು ಹೊಸ ಎಣಿಕೆ ಕಳಿಸುತ್ತಿದ್ದರು: 'ಬಿ' ಇನ್ನೂ ಮುಗಿದಿಲ್ಲ, ಉದ್ದವಾಗಿದೆ, ಕಾಯಿರಿ. ಜುಲೈ 30ರಂದು ನಿಫ್ಟಿ 11,100ರ ಹತ್ತಿರ ಮುಗಿಯಿತು, ನಮ್ಮ ಪುಟ್‌ಗಳು ಸೊನ್ನೆ. ನವೆಂಬರ್‌ನಲ್ಲಿ 12,430 ದಾಟಿದಾಗಲೂ ಅವರ ಬಳಿ ಉತ್ತರವಿತ್ತು: 'ಎಕ್ಸ್‌ಪಾಂಡೆಡ್ ಫ್ಲ್ಯಾಟ್'ನಲ್ಲಿ 'ಬಿ' ಅಲೆ 'ಎ' ಶುರುವಾದ ಜಾಗಕ್ಕಿಂತಲೂ ಮೇಲೆ ಹೋಗಬಹುದು.

ಆ ಮಾತು ಸಿದ್ಧಾಂತದ ಪ್ರಕಾರ ಸರಿ. ನನ್ನ ಸಿಟ್ಟೂ ಅಲ್ಲೇ. 1938ರಲ್ಲಿ ರಾಲ್ಫ್ ನೆಲ್ಸನ್ ಎಲಿಯಟ್ ಈ ತತ್ವ ಪ್ರಕಟಿಸಿದರು. ಮುನ್ನಡೆಯ ಐದು ಅಲೆಗಳಿಗೆ ಗಟ್ಟಿ ನಿಯಮಗಳಿವೆ: ಎರಡನೆಯದು ಮೊದಲನೆಯದರ ಬುಡಕ್ಕಿಂತ ಕೆಳಗಿಳಿಯಬಾರದು, ಒಂದು, ಮೂರು, ಐದರಲ್ಲಿ ಮೂರನೆಯದೇ ಎಲ್ಲಕ್ಕಿಂತ ಚಿಕ್ಕದಾಗಿರಬಾರದು, ನಾಲ್ಕನೆಯದು ಮೊದಲನೆಯದರ ವ್ಯಾಪ್ತಿಯೊಳಗೆ ಬರಬಾರದು. ತಿದ್ದುಪಡಿಯ ಅಲೆಗಳಿಗೆ ಬಂದರೆ ರೂಪಗಳು ಹಲವು. ಯಾವ ಏರಿಳಿತಕ್ಕೂ ಒಂದು ಹೆಸರು ಸಿಗುತ್ತದೆ, ಅದೂ ಆದಮೇಲೆ. ಒಂದೇ ಚಾರ್ಟನ್ನು ಇಬ್ಬರು ಎರಡು ಥರ ಎಣಿಸಬಹುದು, ಇಬ್ಬರೂ ನಿಯಮ ಮುರಿದಿರುವುದಿಲ್ಲ. ಮಾರ್ಚ್‌ನಿಂದ ಶುರುವಾದ ಏರಿಕೆಯನ್ನೇ ಹೊಸ ಐದರ ಮೊದಲ ಅಲೆಯೆಂದು ಎಣಿಸಿದವರೂ ಇದ್ದರು.

ಆಮೇಲೆ ಹುಣಸೂರಿನ ಹಿರಿಯ ಟ್ರೇಡರ್ ಒಬ್ಬರ ಪುಸ್ತಕ ನೋಡಿದೆ. ಪ್ರತಿ ಎಣಿಕೆಯ ಪಕ್ಕ ಇನ್ನೊಂದು ಪರ್ಯಾಯ ಎಣಿಕೆ, ಕೆಳಗೆ 'ಇದು ದಾಟಿದರೆ ಎಣಿಕೆ ರದ್ದು' ಎಂಬ ಬೆಲೆ. 'ಸಿ' ಬರುತ್ತದೆ ಅನ್ನಿಸಿದರೂ ಹಿಂದಿನ ತಳ ಒಡೆಯುವವರೆಗೆ ಅವರು ಕೈ ಹಾಕುವುದಿಲ್ಲ. ಅಲೆ ಅವರಿಗೆ ದಿಕ್ಕಿನ ಅಂದಾಜು ಅಷ್ಟೇ. ಕೊಳ್ಳುವುದು ಮಾರುವುದು ಬೆಲೆ ನೋಡಿ.

ಹಾಗಾಗಿ ಎಣಿಸುವವರನ್ನು ಕೇಳಿ: "ಯಾವ ಬೆಲೆಗೆ ನಿಮ್ಮ ಎಣಿಕೆ ತಪ್ಪು?" ಅಂಕಿ ಹೇಳಿದರೆ ಬರೆದಿಟ್ಟುಕೊಳ್ಳಿ, ಅದು ಬಂದ ದಿನವೇ ಹೊರಗೆ ಬನ್ನಿ. ಹೇಳದಿದ್ದರೆ ದುಡ್ಡು ಕೊಡಬೇಡಿ, ಹೇಳುವವರು ಸ್ವಂತ ಭಾವನೇ ಆದರೂ.