ಬಾಡಿಗೆ ನನ್ನ ಖಾತೆಗೆ, ವರದಿ ನನ್ನ ಇಮೇಲ್‌ಗೆ

ವಿದೇಶದಲ್ಲಿ ಕೂತು ಬೆಂಗಳೂರಿನ ಫ್ಲ್ಯಾಟ್ ಬಾಡಿಗೆಗೆ ಕೊಡುವವರು ಮನೆ ನೋಡಿಕೊಳ್ಳುವ ಮ್ಯಾನೇಜರ್‌ಗೆ ಬರೆಯುವ ಇಮೇಲ್ ಹೆಚ್ಚಾಗಿ ಎರಡೇ ಸಾಲಿನದು: ‘ಒಳ್ಳೆ ಫ್ಯಾಮಿಲಿ ನೋಡಿ. ತಿಂಗಳಾ ತಿಂಗಳಾ ಬಾಡಿಗೆ ಕಳಿಸಿ.’ ಅಪಾಯ ಇರುವುದು ಆ ಎರಡನೇ ಸಾಲಿನಲ್ಲಿ. ಬಾಡಿಗೆ ಕಳಿಸಬೇಕಾದವನು ಬಾಡಿಗೆದಾರ, ಮ್ಯಾನೇಜರ್ ಅಲ್ಲ. ಜೆ.ಪಿ. ನಗರದ ನಮ್ಮ ಎರಡು ಬೆಡ್‌ರೂಮಿನ ಮನೆ ಖಾಲಿಯಾದಾಗ ಮೆಲ್ಬರ್ನ್‌ನಿಂದ ನಾನು ಬರೆದ ಇಮೇಲ್ ಎರಡು ಪುಟಕ್ಕೆ ಬೆಳೆದದ್ದು ಇದಕ್ಕೇ.

ಬೆಂಗಳೂರಿನಲ್ಲಿ ಮನೆ ಕೊಡುವುದು ಎರಡು ಥರ. ತಿಂಗಳ ಬಾಡಿಗೆ ಒಂದು. ಒಟ್ಟಿಗೆ ದೊಡ್ಡ ಮೊತ್ತ ಇಸಿದುಕೊಂಡು ಬಾಡಿಗೆಯೇ ಇಲ್ಲದೆ ಮನೆ ಬಿಟ್ಟುಕೊಡುವ ಲೀಸ್, ಅಂದರೆ ಭೋಗ್ಯ, ಇನ್ನೊಂದು. ಮೋಸ ನಡೆಯುವುದು ಈ ಎರಡರ ಸಂದಿಯಲ್ಲಿ. ನಡುವಿನವನು ಮಾಲೀಕರಿಗೆ ‘40 ಸಾವಿರಕ್ಕೆ ಬಾಡಿಗೆಗೆ ಹೋಯಿತು’ ಅನ್ನುತ್ತಾನೆ. ಬಂದವರಿಗೆ ‘ಲೀಸ್, 20 ಲಕ್ಷ’ ಅನ್ನುತ್ತಾನೆ. ಆ 20 ಲಕ್ಷದಿಂದಲೇ ತಿಂಗಳಿಗೆ 40 ಸಾವಿರ ಮಾಲೀಕರಿಗೆ ಹಾಕುತ್ತಾ ಹೋಗುತ್ತಾನೆ. ಒಂದೆರಡು ವರ್ಷ ಹಾಕಿದರೂ ಅರ್ಧಕ್ಕೂ ಹೆಚ್ಚು ದುಡ್ಡು ಅವನ ಕೈಯಲ್ಲೇ ಇರುತ್ತದೆ. ಒಂದು ದಿನ ಬಾಡಿಗೆ ನಿಲ್ಲುತ್ತದೆ, ಆಫೀಸಿಗೆ ಬೀಗ ಬಿದ್ದಿರುತ್ತದೆ, ಮನೆಯಲ್ಲಿರುವವರು ‘ನಮ್ಮ 20 ಲಕ್ಷ ಕೊಡಿ, ಬಿಡುತ್ತೇವೆ’ ಅಂತ ಕೂರುತ್ತಾರೆ. ಅವರೂ ಮೋಸ ಹೋದವರೇ. ನನ್ನ ಪರಿಚಯದ ಒಬ್ಬರ ಮನೆಯಲ್ಲಿ ಹೀಗೇ ಆಯಿತು. ಅವರಿಗೆ ಅಲ್ಲಿಯವರೆಗೂ ಸಂಶಯವೇ ಬಂದಿರಲಿಲ್ಲ, ಯಾಕೆಂದರೆ ಬಾಡಿಗೆ ಪ್ರತಿ ತಿಂಗಳೂ ತಪ್ಪದೆ ಐದನೇ ತಾರೀಕಿಗೆ ಬರುತ್ತಿತ್ತು. ನಿಜವಾದ ಬಾಡಿಗೆದಾರ ಒಂದೆರಡು ಸಲವಾದರೂ ಹಿಂದೆಮುಂದೆ ಮಾಡಿಯೇ ಮಾಡುತ್ತಾನೆ!

ಹಾಗಾಗಿ ಇಮೇಲ್‌ನ ಮೊದಲ ಭಾಗ ಹೀಗಿತ್ತು:

‘ನಮಸ್ಕಾರ ಸರ್. ಮನೆ ತೋರಿಸುವುದು, ಬಂದವರ ಬಗ್ಗೆ ವಿಚಾರಿಸುವುದು, ರಿಪೇರಿ ಮಾಡಿಸುವುದು ನಿಮ್ಮ ಜವಾಬ್ದಾರಿ. ಅಡ್ವಾನ್ಸ್ ಮತ್ತು ಬಾಡಿಗೆ ಎರಡೂ ಬಾಡಿಗೆದಾರರ ಖಾತೆಯಿಂದ ನೇರವಾಗಿ ನನ್ನ ಎನ್‌ಆರ್‌ಒ ಖಾತೆಗೆ ಬರಲಿ. ಕರಾರಿಗೆ ನನ್ನ ಪರವಾಗಿ ಅಕ್ಕ ಸಹಿ ಹಾಕುತ್ತಾರೆ. ಲೀಸ್‌ಗೆ ಕೊಡುವುದಿಲ್ಲ ಎಂದು ಕರಾರಿನಲ್ಲೇ ಬರೆಸಿ. ಕೀ ಕೊಡುವ ಮುಂಚೆ ಬಾಡಿಗೆದಾರರ ಜೊತೆ ನಾನು ವಿಡಿಯೊ ಕಾಲ್‌ನಲ್ಲಿ ಮಾತಾಡಬೇಕು.’

ಅಕ್ಕನಿಗೆ ಕೊಟ್ಟ ಪವರ್ ಆಫ್ ಅಟಾರ್ನಿಯಲ್ಲಿ ಇರುವುದೂ ಇಷ್ಟೇ: ಈ ಒಂದು ಮನೆ, 11 ತಿಂಗಳ ಕರಾರು, ಮಾರುವ ಅಥವಾ ಭೋಗ್ಯಕ್ಕೆ ಹಾಕುವ ಅಧಿಕಾರ ಇಲ್ಲ. ಇಲ್ಲಿನ ಭಾರತೀಯ ಕಾನ್ಸುಲೇಟ್‌ನಲ್ಲಿ ದೃಢೀಕರಿಸಿ ಕಳಿಸಿದ ಇಂಥ ಪತ್ರಕ್ಕೆ ಭಾರತ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು. ಬಹಳ ಜನ ಅದನ್ನು ಬೀರುವಿನಲ್ಲಿಟ್ಟು ಮರೆಯುತ್ತಾರೆ.

ಇನ್ನು ಬಾಡಿಗೆದಾರರ ಹುಡುಕಾಟ. ಮಾಲೀಕ ಅನಿವಾಸಿ ಎಂಬುದನ್ನು ಮೊದಲ ಫೋನಿನಲ್ಲೇ ಹೇಳಿ ಎಂದು ಬರೆದೆ. ಅನಿವಾಸಿಗೆ ಬಾಡಿಗೆ ಕೊಡುವವರು ಮೂಲದಲ್ಲೇ ತೆರಿಗೆ ಮುರಿಯಬೇಕು. ದರ ಸೆಸ್ ಸೇರಿ ಶೇ 31.2. ಕನಿಷ್ಠ ಮಿತಿ ಅಂತೇನೂ ಇಲ್ಲ. 40,000ದಲ್ಲಿ 12,480 ಸರ್ಕಾರಕ್ಕೆ, 27,520 ನನಗೆ. ಬಾಡಿಗೆದಾರರು ಟ್ಯಾನ್ ಸಂಖ್ಯೆ ಮಾಡಿಸಿ, ತಿಂಗಳಾ ತಿಂಗಳಾ ಕಟ್ಟಿ, ಮೂರು ತಿಂಗಳಿಗೊಮ್ಮೆ ವಿವರ ಸಲ್ಲಿಸಬೇಕು. ಈ ಗೋಜಿಗೆ ಹೆದರಿ ಬ್ರೋಕರ್‌ಗಳು ‘ಅಮ್ಮನ ಖಾತೆಗೆ ಹಾಕಿಸಿಕೊಳ್ಳಿ ಸಾರ್, ಯಾರು ಕೇಳ್ತಾರೆ’ ಅನ್ನುತ್ತಾರೆ. ಕೇಳುತ್ತಾರೆ, ಮತ್ತು ಮೊದಲು ಕೇಳುವುದು ಪಾಪದ ಬಾಡಿಗೆದಾರನನ್ನು. ಅದಕ್ಕೇ ಆ ಕಾಗದದ ಕೆಲಸಕ್ಕೆ ಆಡಿಟರ್‌ಗೆ ಆಗುವ ಖರ್ಚು ನನ್ನದು ಎಂದು ಇಮೇಲ್‌ನಲ್ಲೇ ಒಪ್ಪಿಕೊಂಡೆ.

ಈ ದುಡ್ಡು ಮುಳುಗಿತು ಅಂದುಕೊಳ್ಳಬೇಕಿಲ್ಲ. ವರ್ಷದ ಬಾಡಿಗೆ 4,80,000. ಆಸ್ತಿ ತೆರಿಗೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೂ ಶೇ 30ರಷ್ಟು ಕಡಿತ ಸಿಗುತ್ತದೆ. ತೆರಿಗೆಗೆ ಉಳಿಯುವುದು 3,36,000. 2025–26ರ ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆ ಇಲ್ಲ. ಭಾರತದಲ್ಲಿ ಬೇರೆ ಆದಾಯ ಇಲ್ಲದಿದ್ದರೆ, ಮುರಿದ 1,49,760 ರಿಟರ್ನ್ ಸಲ್ಲಿಸಿದ ಮೇಲೆ ಪೂರ್ತಿ ವಾಪಸ್. ಅಷ್ಟು ಕಾಯಲು ಮನಸ್ಸಿಲ್ಲದವರು ಕಡಿಮೆ ದರದಲ್ಲಿ ಮುರಿಯಲು ಇಲಾಖೆಯಿಂದ ಮೊದಲೇ ಪ್ರಮಾಣಪತ್ರ ಪಡೆಯಬಹುದು. ಮ್ಯಾನೇಜರ್‌ಗೆ ಕೊಡುವ ಫೀ ಮಾತ್ರ ಆ ಶೇ 30ರೊಳಗೇ ಬಂತು, ಅದನ್ನು ಬೇರೆಯಾಗಿ ಕಳೆಯಲು ಬರುವುದಿಲ್ಲ.

ಬಾಡಿಗೆಯ ಮೊತ್ತದ ಬಗ್ಗೆ ಒಂದೇ ಸೂಚನೆ ಕೊಟ್ಟೆ: 42,000 ಕೇಳಿ, ಎರಡು ವಾರದಲ್ಲಿ ಯಾರೂ ಒಪ್ಪದಿದ್ದರೆ 40,000ಕ್ಕೆ ಇಳಿಯಿರಿ. ಎರಡು ಸಾವಿರ ಹೆಚ್ಚಿಗೆ ಸಿಕ್ಕರೆ 11 ತಿಂಗಳಿಗೆ 22,000. ಅದಕ್ಕಾಗಿ ಎರಡು ತಿಂಗಳು ಮನೆ ಖಾಲಿ ಇಟ್ಟರೆ ಹೋಗುವುದು 80,000, ಅದರ ಮೇಲೆ ಮೇಂಟೆನೆನ್ಸ್ ಬೇರೆ. ಮ್ಯಾನೇಜರ್‌ನ ಕಮಿಷನ್ನಿಗೂ ಒಂದು ಕಟ್ಟು ಹಾಕಿದೆ. ಹೊಸಬರನ್ನು ತಂದಾಗಲೆಲ್ಲ ಒಂದು ತಿಂಗಳ ಬಾಡಿಗೆ ಸಿಗುವುದಾದರೆ ಹಳಬರು ಬೇಗ ಬಿಟ್ಟಷ್ಟೂ ಅವರಿಗೆ ಲಾಭ. ಅರ್ಧ ಈಗ, ಇನ್ನರ್ಧ ಅದೇ ಬಾಡಿಗೆದಾರರು ಆರು ತಿಂಗಳು ಮುಗಿಸಿದ ಮೇಲೆ ಎಂದೆ. ಸ್ವಲ್ಪ ಗೊಣಗಿದರು, ಒಪ್ಪಿದರು.

ತಿಂಗಳ ವರದಿ ಅಂದರೆ ‘ಎಲ್ಲಾ ಚೆನ್ನಾಗಿದೆ ಸರ್’ ಅನ್ನುವ ವಾಟ್ಸ್‌ಆ್ಯಪ್ ಅಲ್ಲ. ನಾನು ಕೇಳಿದ್ದು ಅವರ ಮಾತನ್ನು ನಂಬದೆಯೂ ನಾನೇ ತಾಳೆ ನೋಡಬಹುದಾದ ಕಾಗದಗಳನ್ನು, ಪ್ರತಿ ತಿಂಗಳ 10ರೊಳಗೆ. ತೆರಿಗೆ ಕಟ್ಟಿದ ಚಲನ್: ಹಿಂದಿನ ತಿಂಗಳು ಮುರಿದದ್ದನ್ನು ಸಾಮಾನ್ಯವಾಗಿ ಈ ತಿಂಗಳ 7ರೊಳಗೆ ಕಟ್ಟಬೇಕು, ಮೂರು ತಿಂಗಳ ವಿವರ ಸಲ್ಲಿಸಿದ ಮೇಲೆ ಅದು ನನ್ನ ಪ್ಯಾನ್ ಲೆಕ್ಕದಲ್ಲಿ ಕಾಣಬೇಕು. ಆಗಲೂ ಕಾಣದಿದ್ದರೆ ಮುರಿದ ದುಡ್ಡು ಬಾಡಿಗೆದಾರರ ಜೇಬಿನಲ್ಲೇ ಇರಬಹುದು. ಅಪಾರ್ಟ್‌ಮೆಂಟ್ ಸಂಘದ ಮೇಂಟೆನೆನ್ಸ್ ರಸೀದಿ. ರಿಪೇರಿ 3,000 ಮೀರಿದರೆ ಮೊದಲೇ ಫೋಟೊ, ಇಬ್ಬರ ಕೊಟೇಶನ್.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಬೆಸ್ಕಾಂ ಬಿಲ್. ಅಕೌಂಟ್ ಐಡಿ ಇದ್ದರೆ ಮೆಲ್ಬರ್ನ್‌ನಲ್ಲೇ ನೋಡಬಹುದು. ಆದರೆ ಗೃಹಜ್ಯೋತಿ ಬಂದ ಮೇಲೆ ಕಟ್ಟಬೇಕಾದ ಮೊತ್ತ ಸೊನ್ನೆ ಇರಬಹುದು, ಬಾಡಿಗೆದಾರರಿಗೂ ಆ ಸೌಲಭ್ಯ ಇದೆ. ಅದಕ್ಕೆ ರೂಪಾಯಿ ಬಿಟ್ಟು ಯೂನಿಟ್ ನೋಡಬೇಕು. ಮೂರು ಜನರ ಸಂಸಾರ ಅಂತ ಹೇಳಿದ ಮನೆಯಲ್ಲಿ 120 ಯೂನಿಟ್ ಇದ್ದದ್ದು ಸೆಖೆಗಾಲವೂ ಅಲ್ಲದೆ 300 ದಾಟಿದರೆ ಒಳಗೆ ಪಿ.ಜಿ. ಶುರುವಾಗಿರಬಹುದು. ಹತ್ತಿಪ್ಪತ್ತಕ್ಕೆ ಇಳಿದರೆ ಜನ ಬಿಟ್ಟುಹೋಗಿದ್ದಾರೆ, ಸುದ್ದಿ ನನಗೆ ಬಂದಿಲ್ಲ. ಎರಡರಲ್ಲೂ ತಕ್ಷಣ ತೀರ್ಮಾನ ಬೇಡ, ಒಂದು ಫೋನ್ ಸಾಕು.

ಫೋಟೊ ಮೂರು ತಿಂಗಳಿಗೊಮ್ಮೆ, ಬಾಡಿಗೆದಾರರಿಗೆ ಮೊದಲೇ ಹೇಳಿ. ಹಾಲಿನ ಸೋಫಾ ಬೇಡ. ಅಡುಗೆಮನೆಯ ಸಿಂಕಿನ ಕೆಳಗೆ, ಬಾತ್‌ರೂಮಿನ ಚಾವಣಿ, ವಾಷಿಂಗ್ ಮೆಷಿನ್ ನೀರು ಹೋಗುವ ಜಾಗ. ಸೋರಿಕೆ ಮೊದಲು ಕಾಣುವುದು ಅಲ್ಲೇ.

ಇಷ್ಟನ್ನು ಓದಿ ‘ನಮ್ಮ ಮೇಲೆ ನಂಬಿಕೆ ಇಲ್ವಾ ಸರ್’ ಎಂದು ಕೇಳಿದ ಮೊದಲ ಮ್ಯಾನೇಜರ್‌ಗೆ ಮನೆ ಕೊಡಲಿಲ್ಲ. ಈಗಿರುವವರು ಕೇಳಿದ್ದು ಒಂದೇ, ವರದಿಯನ್ನು ಇಮೇಲ್ ಬದಲು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಬಹುದೇ ಅಂತ. ಬೇಡ ಅಂದೆ, ಇಮೇಲ್‌ನಲ್ಲಿದ್ದರೆ ನಾಲ್ಕು ವರ್ಷ ಬಿಟ್ಟೂ ಹುಡುಕಿದರೆ ಸಿಗುತ್ತದೆ. ನಿಮ್ಮ ಮನೆಯೂ ಊರಲ್ಲಿದ್ದು, ಅದರಲ್ಲಿ ಇರುವವರ ನಂಬರ್ ನಿಮ್ಮ ಫೋನಿನಲ್ಲಿ ಇಲ್ಲದಿದ್ದರೆ ಈ ವಾರವೇ ತರಿಸಿಕೊಳ್ಳಿ. ಫೋನ್ ಮಾಡಿ, ತಿಂಗಳಿಗೆ ಎಷ್ಟು ಕೊಡುತ್ತಿದ್ದೀರಿ, ಯಾರ ಖಾತೆಗೆ ಎಂದು ಕೇಳಿ.