ಬಣ್ಣದ ಬಕೆಟ್ಟಿನಲ್ಲಿ ಉಪ್ಪುಮಾವಿನಕಾಯಿ ಹಾಕಬಹುದೇ?

ಕೇಣಿಯ ಸಹೋದರಿಯವರೇ, ನೀವು ಕಳಿಸಿದ ಮೂರೂ ಫೋಟೋ ನೋಡಿದೆ. ಐಸ್‌ಕ್ರೀಂ ಡಬ್ಬಿಯ ತಳದಲ್ಲೂ ಗೋಡೆಬಣ್ಣದ ಬಕೆಟ್ಟಿನ ತಳದಲ್ಲೂ ತ್ರಿಕೋನದೊಳಗೆ 5 ಇದೆ, ಹಾಗಾಗಿ ಎರಡೂ ಒಂದೇ ಅಲ್ಲವೇ ಎಂದು ಕೇಳಿದ್ದೀರಿ. ಅಲ್ಲ. ಆ ಅಂಕಿ ಪ್ಲಾಸ್ಟಿಕ್ ಯಾವ ಜಾತಿಯದೆಂದು ಗುಜರಿಯವರಿಗೆ ತಿಳಿಸುತ್ತದೆ, ಅಷ್ಟೇ. 5 ಎಂದರೆ ಪಾಲಿಪ್ರೊಪಿಲೀನ್. ಊಟಕ್ಕೆ ಯೋಗ್ಯವೇ ಎಂದು ತಿಳಿಯಲು ಲೋಟ ಮತ್ತು ಫೋರ್ಕಿನ ಗುರುತು ಹುಡುಕಿ. ನಿಮ್ಮ ಐಸ್‌ಕ್ರೀಂ ಡಬ್ಬಿಯಲ್ಲಿ ಅದಿದೆ, ಬಕೆಟ್ಟಿನಲ್ಲಿಲ್ಲ.

ಬಕೆಟ್ಟನ್ನು ಎಷ್ಟು ತಿಕ್ಕಿ ತೊಳೆದರೂ ಬಣ್ಣದ ರಾಸಾಯನಿಕ ಪ್ಲಾಸ್ಟಿಕ್ಕಿನೊಳಗೇ ಇಳಿದಿರುತ್ತದೆ. ಮಾವಿನಕಾಯಿಯ ಹುಳಿ, ಉಪ್ಪುನೀರು ತಿಂಗಳುಗಟ್ಟಲೆ ಅದರಲ್ಲಿ ನಿಂತರೆ ಅದು ಆಹಾರಕ್ಕೆ ಬರಬಹುದು. ವಾಸನೆ ಹೋಗಿದೆ ಎಂಬುದು ಪುರಾವೆಯಲ್ಲ. ಒಣಮೀನಿಗೂ ಅದು ಬೇಡ. ಗಿಡಕ್ಕೆ ನೀರು ಹೊರಲು ಇಟ್ಟುಕೊಳ್ಳಿ. ಉಪ್ಪುಮಾವಿನಕಾಯಿಗೆ ಭರಣಿ ಅಥವಾ ಗಾಜಿನ ಜಾಡಿಯೇ ಸರಿ.

ಐಸ್‌ಕ್ರೀಂ ಡಬ್ಬಿಯಲ್ಲಿ ಬೇಳೆ, ರವೆ, ಒಣಮೆಣಸು ಇಡಿ. ಬಿಸಿ ಸಾರು ಹಾಕಬೇಡಿ: ಅದು ತಣ್ಣನೆಯ ಪದಾರ್ಥಕ್ಕೆಂದೇ ತೆಳುವಾಗಿ ಮಾಡಿದ್ದು. ಒಳಗೆ ಗೀರು ಬಿದ್ದರೆ, ಅಂಟಂಟಾದರೆ ಗುಜರಿಗೆ ಕೊಡಿ.

ಮೂರನೆಯದು ನೀರಿನ ಬಾಟಲಿ, ಅಂಕಿ 1. ಸುಮಾರು 70 ಡಿಗ್ರಿ ಬಿಸಿಗೇ ಅದು ಮೆತ್ತಗಾಗಿ ಸೊಟ್ಟಗಾಗುತ್ತದೆ. ಕಿರಿದಾದ ಬಾಯಿಯೊಳಗೆ ಬ್ರಷ್ ಹೋಗದು, ಲೋಳೆ ಕಟ್ಟುತ್ತದೆ. ಮಕ್ಕಳ ಶಾಲೆಗೆ ಸ್ಟೀಲ್ ಬಾಟಲಿ ಕಳಿಸಿ.