ಗದ್ದಲದ ಒಂಬತ್ತನೇ ಕ್ಲಾಸಿಗೆ ನಾಲ್ಕು ಕಿವಿಮಾತು

ಅಕ್ಕಿಆಲೂರಿನ ಕಡೆಯ ಹೈಸ್ಕೂಲಿಗೆ ಹೊಸದಾಗಿ ಬರುವ ಮಾಸ್ತರು, ಅಕ್ಕೋರು ಹೆಚ್ಚು ದಣಿಯುವುದು ಒಂಬತ್ತನೇ ಕ್ಲಾಸಿನಲ್ಲಿ. ಎಂಟನೇ ಕ್ಲಾಸಿಗೆ ಸುತ್ತಲಿನ ಹಳ್ಳಿಗಳಿಂದ ಬಂದ ಮಕ್ಕಳಿಗೆ ಒಬ್ಬರಿಗೊಬ್ಬರ ಪರಿಚಯ ಇರುವುದಿಲ್ಲ, ಹಾಗಾಗಿ ಸುಮ್ಮನಿರುತ್ತಾರೆ. ಹತ್ತಕ್ಕೆ ಬಂದರೆ ಎಸ್‌ಎಸ್‌ಎಲ್‌ಸಿ ಹೆದರಿಕೆ. ನಡುವಿನ ಒಂಬತ್ತಕ್ಕೆ ಗೆಳೆತನ ಬಲಿತಿರುತ್ತದೆ, ಹೆದರಿಕೆ ಇನ್ನೂ ಬಂದಿರುವುದಿಲ್ಲ. ಐವತ್ತು ಚಿಲ್ಲರೆ ಮಕ್ಕಳ ಅಂಥ ಕ್ಲಾಸುಗಳಲ್ಲೇ ವರ್ಷಗಟ್ಟಲೆ ನಿಂತು ಪಾಠ ಹೇಳಿದವಳು ನಾನು. ನೀವು ಪಾಠ ಮಾಡುವಾಗ ಆಗುವ ಗದ್ದಲ ಕಡಿಮೆ. ನೀವು ಹಾಜರಿ ಕೂಗುವಾಗ, ನೋಟ್‌ಬುಕ್ ಹಂಚುವಾಗ, ಚಾಕ್‌ಪೀಸ್ ಹುಡುಕುವಾಗ ಆಗುವುದೇ ಹೆಚ್ಚು. ಆ ಖಾಲಿ ನಿಮಿಷಗಳನ್ನು ಮೊದಲು ಹಿಡಿಯಿರಿ.

ದಿನದ ರೂಢಿ

- ಗಂಟೆ ಬಾರಿಸಿದ ಕೂಡಲೇ ಕ್ಲಾಸಿನ ಬಾಗಿಲಲ್ಲಿ ನಿಲ್ಲಿ. ಒಂದು ಕಣ್ಣು ವರಾಂಡದ ಮೇಲೆ, ಒಂದು ಕಣ್ಣು ಒಳಗೆ ಇರಲಿ. ಮಕ್ಕಳು ಮೊದಲು ಸೇರಿ, ನೀವು ಆಮೇಲೆ ಹೋದರೆ ಗದ್ದಲ ಆಗಲೇ ಬೇರು ಬಿಟ್ಟಿರುತ್ತದೆ. ಅದನ್ನು ಕೀಳುವುದಕ್ಕೇ ಹತ್ತು ನಿಮಿಷ ಹೋಗುತ್ತದೆ.

- ಮಕ್ಕಳು ಒಳಗೆ ಬರುವ ಮೊದಲೇ ಬೋರ್ಡಿನ ಎಡಮೂಲೆಯಲ್ಲಿ ಒಂದು ಸಣ್ಣ ಕೆಲಸ ಬರೆದಿಡಿ. ಎರಡು ಲೆಕ್ಕ, ಇಲ್ಲವೇ ನಿನ್ನೆಯ ಪಾಠದ ಮೂರು ಪ್ರಶ್ನೆ ಸಾಕು. ದಿನಾಲೂ ಅದೇ ಮೂಲೆಯಲ್ಲಿ ಬರೆಯಿರಿ, ಆಗ ಬಂದವರ ಕಣ್ಣು ತಾನಾಗಿ ಅಲ್ಲಿಗೆ ಹೋಗುತ್ತದೆ. ಕೆಲಸ ಹಗುರವಾಗಿರಲಿ. ಗಟ್ಟಿ ಲೆಕ್ಕ ಕೊಟ್ಟರೆ "ಹೆಂಗ್ರೀ ಅಕ್ಕೋರ?" ಎಂದು ಹತ್ತು ಜನ ಎದ್ದು ಬರುತ್ತಾರೆ, ಇಟ್ಟ ಉದ್ದೇಶವೇ ಕೆಡುತ್ತದೆ.

- ಹಾಜರಿಯನ್ನು ಹೆಸರು ಕೂಗಿ ಹಾಕಬೇಡಿ. ಐವತ್ತೆರಡು ಹೆಸರು ಕೂಗಿ, ಐವತ್ತೆರಡು "ಎಸ್ ಮೇಡಂ" ಕೇಳಿಸಿಕೊಳ್ಳುವಷ್ಟರಲ್ಲಿ 40 ನಿಮಿಷದ ತಾಸಿನಲ್ಲಿ ಐದು ನಿಮಿಷ ಹೋಯಿತು. ವಾರದ ಆರು ದಿನಕ್ಕೆ ಮೂವತ್ತು ನಿಮಿಷ! ಒಂದು ಹಾಳೆಯಲ್ಲಿ ಬೆಂಚುಗಳ ನಕ್ಷೆ ಬರೆದು, ಯಾರು ಎಲ್ಲಿ ಕೂಡುತ್ತಾರೆ ಎಂದು ಹೆಸರು ತುಂಬಿ ಹಾಜರಿ ಪುಸ್ತಕದೊಳಗೆ ಇಟ್ಟುಕೊಳ್ಳಿ. ಮಕ್ಕಳು ಬೋರ್ಡಿನ ಕೆಲಸ ಮಾಡುತ್ತಿರುವಾಗ ಖಾಲಿ ಜಾಗ ನೋಡಿ ಗುರುತು ಹಾಕಿದರೆ ಒಂದೇ ನಿಮಿಷದ ಕೆಲಸ. ಸುಳ್ಳು ಹಾಜರಿಯೂ ನಿಲ್ಲುತ್ತದೆ.

- ಸುಮ್ಮನಾಗಲು ಒಂದೇ ಸೂಚನೆ ಇಟ್ಟುಕೊಳ್ಳಿ, ಅದನ್ನೇ ವರ್ಷವಿಡೀ ಬಳಸಿ. ಕೈ ಎತ್ತಿ ನಿಲ್ಲಿ, ನೋಡಿದವರೂ ಕೈ ಎತ್ತಲಿ, ಎಲ್ಲರೂ ಸುಮ್ಮನಾಗುವವರೆಗೆ ಕಾಯಿರಿ. ಡಸ್ಟರಿನಿಂದ ಟೇಬಲ್ ಬಡಿಯಬೇಡಿ. ಎಂಟು ದಿನಕ್ಕೆ ಆ ಸಪ್ಪಳವೂ ಗದ್ದಲದಲ್ಲೇ ಸೇರಿಹೋಗುತ್ತದೆ. ಗದ್ದಲದ ಮೇಲೆ ದನಿ ಏರಿಸಿ ಮಾತಾಡುವುದಂತೂ ಬೇಡವೇ ಬೇಡ. ನೀವು ಜೋರು ಮಾಡಿದಷ್ಟೂ ಅವರೂ ಜೋರು ಮಾಡುತ್ತಾರೆ, ಸಂಜೆಗೆ ಗಂಟಲು ಕಟ್ಟುವುದು ನಿಮಗೇ.

- ಜೂನ್, ಜುಲೈಯಲ್ಲಿ ನಮ್ಮ ಕಡೆ ಮಳೆ ಹಿಡಿದರೆ ತಗಡಿನ ಕೋಣೆಯಲ್ಲಿ ಮೊದಲ ಬೆಂಚಿಗೂ ಮಾತು ಕೇಳಿಸುವುದಿಲ್ಲ. ಅಂಥ ದಿನಕ್ಕೆಂದು ಬರೆಯುವ ಕೆಲಸವನ್ನು ಮೊದಲೇ ತಯಾರಿಟ್ಟುಕೊಳ್ಳಿ. ಕೇಳಿಸದ ಪಾಠದ ಎದುರು ಮಕ್ಕಳು ಸುಮ್ಮನೆ ಕೂಡಲಿ ಎಂದು ಬಯಸುವುದು ನ್ಯಾಯವಲ್ಲ.

ಕೂಡ್ರಿಸುವ ಬಗೆ

- ಹಿಂದಿನ ಬೆಂಚುಗಳನ್ನು ಗೋಡೆಯಿಂದ ಒಂದೂವರೆ ಅಡಿ ಮುಂದಕ್ಕೆ ಸರಿಸಿ. ನೀವು ಹಿಂದೆಯೂ ಓಡಾಡುವಂತಾದರೆ ಹಿಂದಿನ ಬೆಂಚು ಯಾರ ಸ್ವಂತ ಆಸ್ತಿಯೂ ಆಗುವುದಿಲ್ಲ. ಸಾಲುಗಳ ನಡುವೆ ಪಾಟಿಚೀಲ ಬಿದ್ದಿದ್ದರೆ ಎತ್ತಿ ಬೆಂಚಿನ ಕೆಳಗೆ ಇಡಿಸಿ. ನಿಮ್ಮ ಕಾಲು ಹೋಗದ ಮೂಲೆಯಿಂದಲೇ ಮಾತು ಹುಟ್ಟುತ್ತದೆ.

- ಪ್ರತಿ ಸೋಮವಾರ ಸಾಲಿನ ಮೊದಲ ಬೆಂಚಿನವರು ಕೊನೆಗೆ ಹೋಗಲಿ, ಉಳಿದವರು ಒಂದೊಂದು ಬೆಂಚು ಮುಂದೆ ಬರಲಿ. ಕಣ್ಣು ಮಂದ ಇರುವವರನ್ನು, ಕಿವಿ ಕಡಿಮೆ ಕೇಳುವವರನ್ನು ಮಾತ್ರ ಮುಂದೆಯೇ ಉಳಿಸಿ. ಸರಿಸಿದ ದಿನವೇ ನಕ್ಷೆ ತಿದ್ದಿ, ಮರೆಯಬೇಡಿ. ಬೋರ್ಡಿನ ಮೇಲೆ ತಾರೀಖು ಬರೆದು ಕೊನೆಯ ಬೆಂಚಿನ ಎರಡೂ ತುದಿಯವರಿಂದ ಓದಿಸಿ ನೋಡಿ. ಕಿಟಕಿಯ ಬೆಳಕು ಹೊಳೆದು ಅಕ್ಷರ ಕಾಣದಿದ್ದರೆ ಆ ಹುಡುಗ ಪಕ್ಕದವನ ನೋಟ್‌ಬುಕ್ ನೋಡುತ್ತಾನೆ, ಅಲ್ಲಿಂದ ಮಾತು ಶುರು.

- ಬಾಗಿಲ ಪಕ್ಕದ ಬೆಂಚಿನ ತುದಿಯಲ್ಲಿ ಒಂದೆರಡು ಜಾಗ ಖಾಲಿ ಬಿಡಿ. ಹಳ್ಳಿಯ ಬಸ್ಸು ತಡವಾಗಿ ಬಂದರೆ ಮಕ್ಕಳು ಅಲ್ಲೇ ಕುಳಿತು ಬೋರ್ಡಿನ ಕೆಲಸ ಹಿಡಿಯಲಿ. ಇಡೀ ಕ್ಲಾಸು ದಾಟಿ ಹೋಗುವಾಗ ದಾರಿಯಲ್ಲಿ ನಾಲ್ಕು ಜನರ ಬೆನ್ನು ತಟ್ಟುತ್ತಾರೆ. ತಡವಾದದ್ದು ಏಕೆ ಎಂದು ಆಮೇಲೆ ಕೇಳಿ. ಬಸ್ಸಿನ ತಪ್ಪಿಗೆ ಮಗುವನ್ನು ಎಲ್ಲರೆದುರು ನಿಲ್ಲಿಸಬೇಡಿ.

- ಗೆಳೆಯರನ್ನೆಲ್ಲ ಒಡೆಯಲು ಹೋಗಬೇಡಿ. ಐದು ಜನರ ಗುಂಪಿದ್ದರೆ ಮಾತು ಎತ್ತುವವನೊಬ್ಬ, ನಗುವವನೊಬ್ಬ ಇರುತ್ತಾರೆ. ಆ ಇಬ್ಬರನ್ನು ಬೇರೆ ಮಾಡಿದರೆ ಸಾಕು. ಉಳಿದವರು ಜೊತೆಗಿದ್ದರೇ ಚೆನ್ನಾಗಿ ಓದುತ್ತಾರೆ.

ಇಲ್ಲಿ ಒಂದು ಸಂಗತಿ ಹೇಳಬೇಕು. ನಮ್ಮ ಪೈಕಿಯ ಒಬ್ಬ ಹೊಸ ಮಾಸ್ತರ ಕ್ಲಾಸಿನಲ್ಲಿ ಒಬ್ಬ ಹುಡುಗ ಕಂಪಾಸ್ ಪೆಟ್ಟಿಗೆಯನ್ನು ಬೆಂಚಿಗೆ ಟಕಟಕ ಬಡಿಯುತ್ತಿದ್ದ. ಮಾಸ್ತರು ಅವನನ್ನು ಎಲ್ಲರಿಗಿಂತ ಮುಂದೆ ತಂದು ಕೂಡ್ರಿಸಿದರು. ಬಡಿತ ಹೆಚ್ಚಾಯಿತು. ಯಾಕೆ? ಈಗ ಐವತ್ತು ಜನ ಅವನ ಬೆನ್ನ ಹಿಂದೆ ಕುಳಿತು ನೋಡುತ್ತಿದ್ದರು. ಎರಡನೇ ಬೆಂಚಿನ ತುದಿಗೆ, ನಡೆಯುವ ದಾರಿಯ ಪಕ್ಕಕ್ಕೆ ಸರಿಸಿ ಎಂದೆ. ಅಲ್ಲಿ ಮಾಸ್ತರ ಕೈ ಅವನ ಬೆಂಚಿಗೆ ಎಟಕುತ್ತಿತ್ತು, ನೋಡುವವರು ಕಡಿಮೆಯಾದರು. ಬಡಿತ ಯಾವಾಗ ಆಗುತ್ತದೆ ಎಂದು ಒಂದು ವಾರ ಬರೆದಿಡಿ ಎಂದೂ ಹೇಳಿದೆ. ಬರೆದು ನೋಡಿದರೆ ಎಲ್ಲವೂ ಅವನು ಲೆಕ್ಕ ಮುಗಿಸಿ ಖಾಲಿ ಕುಳಿತ ಹೊತ್ತಿನದೇ! ಬೇಗ ಮುಗಿಸುವ ಹುಡುಗ ಅವನು. ಮುಗಿಸಿದವರಿಗೆ ಮುಂದಿನ ಲೆಕ್ಕ ಇದೆ ಎಂದು ಬೋರ್ಡಿನಲ್ಲಿ ಬರೆದ ಮೇಲೆ, ಆ ಸಾಲಿನ ನೋಟ್‌ಬುಕ್ ಕೂಡಿಸುವ ಕೆಲಸವನ್ನೂ ಅವನಿಗೇ ಒಪ್ಪಿಸಿದ ಮೇಲೆ, ಪೆಟ್ಟಿಗೆ ಚೀಲದಲ್ಲೇ ಉಳಿಯಿತು.

ಒಂದು ಕೆಲಸದಿಂದ ಇನ್ನೊಂದಕ್ಕೆ

- ನೋಟ್‌ಬುಕ್ ತಿದ್ದಿದ ಮೇಲೆ ಬೆಂಚಿನ ಸಾಲಿಗೆ ತಕ್ಕಂತೆ ಜೋಡಿಸಿ ಕಟ್ಟು ಮಾಡಿಡಿ. ಪ್ರತಿ ಸಾಲಿನ ಮೊದಲಿಗನ ಕೈಗೆ ಕೊಟ್ಟರೆ ಅವು ಕೈಯಿಂದ ಕೈಗೆ ಹಿಂದಕ್ಕೆ ಹೋಗುತ್ತವೆ, ಯಾರೂ ಏಳಬೇಕಾಗಿಲ್ಲ. ಹೆಸರು ಕೂಗಿ ಒಂದೊಂದೇ ಎಸೆಯುವುದು ಪುಸ್ತಕಕ್ಕೂ ಕೇಡು, ಕ್ಲಾಸಿಗೂ ಕೇಡು. ಅವ್ವ ಅಪ್ಪ ಕೂಲಿಯ ದುಡ್ಡಿನಲ್ಲಿ ಕೊಡಿಸಿದ ನೋಟ್‌ಬುಕ್ಕಿನ ರಟ್ಟು ಹರಿದರೆ ಆ ಮಗುವಿಗೆ ಬೇರೆ ಸಿಗುವುದಿಲ್ಲ.

- ಕೆಲಸ ಬದಲಿಸುವಾಗ ಮೂರು ಮಾತು ಮಾತ್ರ ಹೇಳಿ: ಯಾವ ಪುಟ, ಎಷ್ಟು ಹೊತ್ತು, ಮುಗಿದ ಮೇಲೆ ಏನು. ಎಲ್ಲರೂ ಸುಮ್ಮನಾದ ಮೇಲೇ ಹೇಳಿ, ಪುಟದ ನಂಬರನ್ನು ಬೋರ್ಡಿನ ಮೇಲೂ ಬರೆಯಿರಿ. ಇಲ್ಲದಿದ್ದರೆ "ಯಾವ ಪುಟರೀ?" ಎಂಬ ಪ್ರಶ್ನೆಗೆ ಇಪ್ಪತ್ತು ಸಲ ಉತ್ತರ ಹೇಳಬೇಕಾಗುತ್ತದೆ.

- ಬಿಸಿಯೂಟದ ನಂತರದ ತಾಸು ಎಲ್ಲಕ್ಕಿಂತ ಕಷ್ಟದ್ದು. ನಳದ ಹತ್ತಿರ ತಾಟು ತೊಳೆಯುವ ಸಾಲು ಉದ್ದವಾಗಿ, ಮಕ್ಕಳು ಇಬ್ಬಿಬ್ಬರಾಗಿ ಹತ್ತು ನಿಮಿಷ ಬರುತ್ತಲೇ ಇರುತ್ತಾರೆ. ಹಾಗಾಗಿ ಆ ತಾಸಿನಲ್ಲಿ ಹೊಸ ಪಾಠ ಶುರು ಮಾಡಬೇಡಿ. ಚಿತ್ರ, ನಕ್ಷೆ ಬರೆಯುವುದು, ಇಲ್ಲವೇ ತಾವೇ ಓದಿಕೊಳ್ಳುವುದು ಇಡಿ. ಬಂದವರು ಬಂದಂತೆ ಸೇರಿಕೊಳ್ಳುತ್ತಾರೆ. ತಾಟನ್ನು ಒರೆಸಿ ಚೀಲದೊಳಗೆ ಹಾಕಿಸಿ, ಬೆಂಚಿನ ಮೇಲೆ ಇಡಲು ಬಿಡಬೇಡಿ. ಒಂದು ಸ್ಟೀಲ್ ತಾಟು ನೆಲಕ್ಕೆ ಬಿದ್ದು ಗಿರಗಿರ ತಿರುಗಿ ನಿಲ್ಲುವಷ್ಟರಲ್ಲಿ ಇಡೀ ಕ್ಲಾಸು ನಕ್ಕಿರುತ್ತದೆ, ಹೋದ ಗಮನ ಬೇಗ ಬರುವುದಿಲ್ಲ.

- ದೀಪಾವಳಿ ಮುಗಿದು ಹೋರಿ ಹಬ್ಬ ಶುರುವಾದರೆ ಹುಡುಗರ ಬಾಯಲ್ಲಿ ಬೇರೆ ಮಾತೇ ಇರುವುದಿಲ್ಲ. ಯಾವ ಹೋರಿ ಕೈಗೆ ಸಿಗದೆ ಓಡಿತು, ಯಾರು ಕೊಬ್ಬರಿ ಹರಿದರು, ಇದೇ ಸುದ್ದಿ. ಬಾಯಿ ಮುಚ್ಚಿಸಲು ಹೋದರೆ ದಿನವಿಡೀ ಪಿಸುಪಿಸು. ತಾಸಿನ ಮೊದಲ ಐದು ನಿಮಿಷ ಅದನ್ನೇ ಹತ್ತು ಸಾಲು ಬರೆಯಲು ಹೇಳಿ, ಇಬ್ಬರಿಂದ ಓದಿಸಿ, ಆಮೇಲೆ ಪುಸ್ತಕ ತೆಗೆಸಿ.

- ಗಂಟೆಗೆ ಮೂರು ನಿಮಿಷ ಮೊದಲೇ ಪಾಠ ನಿಲ್ಲಿಸಿ. ಮನೆಗೆಲಸ ಬರೆದುಕೊಳ್ಳಲಿ, ಕೆಳಗೆ ಬಿದ್ದ ಕಾಗದ ಹೆಕ್ಕಲಿ. ಒಂದೊಂದು ಸಾಲಾಗಿ ಬಿಡಿ, ಬಾಗಿಲಿಗೆ ಹತ್ತಿರದ ಸಾಲು ಮೊದಲು. ನಿಮ್ಮ ನಂತರ ಬರುವ ಮಾಸ್ತರಿಗೆ ಗದ್ದಲದ ಕ್ಲಾಸು ಒಪ್ಪಿಸಬೇಡಿ.

ತಪ್ಪು ಮಾಡಿದಾಗ

- ಬಡಿಗೆ ಮುಟ್ಟಬೇಡಿ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೊಡೆತವನ್ನೂ, ಮನಸ್ಸಿಗೆ ನೋವು ಮಾಡುವ ಕಿರುಕುಳವನ್ನೂ ನಿಷೇಧಿಸಿದೆ. ಅದು 14 ವರ್ಷದವರೆಗಿನ ಮಕ್ಕಳಿಗೆ, ನಮ್ಮ ಹುಡುಗನಿಗೆ 15 ಎಂದು ಲೆಕ್ಕ ಹಾಕಬೇಡಿ, 18 ತುಂಬದವರಿಗೆಲ್ಲ 2015ರ ಬಾಲನ್ಯಾಯ ಕಾಯ್ದೆ ಇದೆ. ಬಸ್ಕಿ ಹೊಡೆಸುವುದು, ಬಿಸಿಲಲ್ಲಿ ನಿಲ್ಲಿಸುವುದು, ಜಾತಿ ಅಥವಾ ಮನೆತನ ಎತ್ತಿ ಬೈಯುವುದು, ಯಾವುದೂ ಬೇಡ.

- ಕ್ರಮ ಸಣ್ಣದರಿಂದ ಶುರುವಾಗಲಿ. ಮೊದಲು ಪಾಠ ನಿಲ್ಲಿಸದೆ ಅವನ ಹತ್ತಿರ ಹೋಗಿ ನಿಲ್ಲಿ. ಮುಕ್ಕಾಲು ಪಾಲು ಅಲ್ಲಿಗೇ ಮುಗಿಯುತ್ತದೆ. ಮುಂದುವರಿದರೆ ಬಗ್ಗಿ, ಮೆತ್ತಗೆ ಹೆಸರು ಹೇಳಿ, ಮಾಡಬೇಕಾದ ಕೆಲಸ ತೋರಿಸಿ. ಇನ್ನೂ ಆದರೆ ಆ ತಾಸಿನ ಮಟ್ಟಿಗೆ ಜಾಗ ಬದಲಿಸಿ. ಅದೂ ಆಗದಿದ್ದರೆ ಗಂಟೆಯ ನಂತರ ಎರಡು ನಿಮಿಷ ನಿಲ್ಲಿಸಿಕೊಂಡು ಮಾತಾಡಿ. ಬಸ್ಸಿನ ಮಕ್ಕಳನ್ನು ಮಾತ್ರ ಸಂಜೆ ನಿಲ್ಲಿಸಬೇಡಿ. ಆ ಬಸ್ಸು ತಪ್ಪಿದರೆ ಕತ್ತಲಾಗುತ್ತದೆ, ಮನೆಯಲ್ಲಿ ಜೀವ ಹಿಡಿದುಕೊಂಡು ಕಾಯುತ್ತಾರೆ.

- ತಪ್ಪಿಗೂ ಕ್ರಮಕ್ಕೂ ಸಂಬಂಧ ಇರಲಿ. ಕಾಗದ ಎಸೆದವನು ಕಸ ಹೆಕ್ಕಲಿ, ಮಾತಾಡಿ ಕೆಲಸ ಬಿಟ್ಟವನು ಬಿಡುವಿನಲ್ಲಿ ಅದನ್ನು ಮುಗಿಸಲಿ. ನೂರು ಸಲ ಬರೆ ಎಂದು ಹೇಳಬೇಡಿ, ಅಕ್ಷರ ಕೆಡುತ್ತದೆ, ಬರೆಯುವುದೇ ಶಿಕ್ಷೆ ಎಂಬ ಭಾವನೆ ಕೂಡುತ್ತದೆ.

- ಒಬ್ಬರ ತಪ್ಪಿಗೆ ಇಡೀ ಕ್ಲಾಸಿನ ಆಟದ ತಾಸು ಕಸಿಯಬೇಡಿ. ಸುಮ್ಮನಿದ್ದ ನಲವತ್ತು ಮಕ್ಕಳು "ಸುಮ್ಮನಿದ್ದು ಏನು ಸಿಕ್ಕಿತು?" ಎಂದುಕೊಳ್ಳುತ್ತಾರೆ. ಕ್ಲಾಸಿನ ಹೊರಗೆ ಕಳಿಸುವುದೂ ಬೇಡ. ಕಳಿಸಿದವನು ಎಲ್ಲಿ ಹೋದ ಎಂಬ ಜವಾಬ್ದಾರಿ ನಿಮ್ಮದೇ.

- ಮನೆಗೆ ಮೊದಲ ಫೋನು ಒಳ್ಳೆಯ ಸುದ್ದಿಗಾಗಿ ಮಾಡಿ, ಜೂನ್ ತಿಂಗಳಲ್ಲೇ. "ನಿಮ್ಮ ಮಗ ಇವತ್ತು ನಕ್ಷೆ ಚಂದ ಬರದಾನ್ರೀ" ಎಂದು ಕೇಳಿದ ತಾಯಿ, ನವೆಂಬರಿನಲ್ಲಿ ನೀವು ದೂರು ಹೇಳಿದಾಗ ನಿಮ್ಮ ಪರ ನಿಲ್ಲುತ್ತಾಳೆ. ಗೋವಿನಜೋಳ ಮುರಿಯುವ ದಿನಗಳಲ್ಲಿ ಹಗಲು ಫೋನ್ ಎತ್ತುವುದಿಲ್ಲ, ಸಂಜೆ ಏಳರ ಮೇಲೆ ಮಾಡಿ.

- ನೀವು ಒಳಗೆ ಬಂದ ಮೇಲೆ ಎಲ್ಲರ ಪೆನ್ನು ಓಡಲು ಎಷ್ಟು ನಿಮಿಷ ಹಿಡಿಯಿತು ಎಂದು ಗಡಿಯಾರ ನೋಡಿ ದಿನಾಲೂ ಬರೆದಿಡಿ. ಎಂಟು ನಿಮಿಷ ಇದ್ದದ್ದು ಎರಡಕ್ಕೆ ಇಳಿದರೆ ನೀವು ಹೊರಟ ದಾರಿ ಸರಿ. ಎರಡು ವಾರವಾದರೂ ಇಳಿಯದಿದ್ದರೆ ಮಕ್ಕಳನ್ನು ಬೈಯಬೇಡಿ, ಬೋರ್ಡಿನ ಕೆಲಸ ಕಷ್ಟವಾಯಿತೇ, ನಕ್ಷೆ ಹಳೆಯದಾಯಿತೇ ನೋಡಿ. ದಸರಾ ರಜೆ ಮುಗಿಸಿ ಬಂದ ಮೇಲೆ ಇದೆಲ್ಲವನ್ನೂ ಮೊದಲಿನಿಂದ ಮತ್ತೆ ಒಂದು ವಾರ ರೂಢಿ ಮಾಡಿಸಿ, ಮಕ್ಕಳು ಮರೆತೇ ಬಂದಿರುತ್ತಾರೆ.